ಒಂದೇ ಕೋಷ್ಟಕ, ಮೂರು ಉತ್ತರ: ಪುಟ್ಟ ಸಂಖ್ಯೆಗಳ ಎದುರು ಸೋಲದಿರಲು ಹತ್ತು ಸೂತ್ರಗಳು

1980ರ ದಶಕದ ಉತ್ತರಾರ್ಧದಲ್ಲಿ ಬಾಸ್ಟನ್‌ನ ವೈದ್ಯರು ಹತ್ತೊಂಬತ್ತು ನವಜಾತ ಶಿಶುಗಳ ಮೇಲೆ ಒಂದು ಪ್ರಯೋಗ ನಡೆಸಿದರು. ಹುಟ್ಟಿದ ಮೇಲೂ ಶ್ವಾಸಕೋಶದ ರಕ್ತನಾಳಗಳ ಒತ್ತಡ ಇಳಿಯದೆ, ರಕ್ತಕ್ಕೆ ಆಮ್ಲಜನಕ ಸಾಲದೆ ಒದ್ದಾಡುತ್ತಿದ್ದ ಮಕ್ಕಳು ಅವು. ಹತ್ತು ಮಕ್ಕಳಿಗೆ ಆಗಿನ ರೂಢಿಯ ಚಿಕಿತ್ಸೆ ಸಿಕ್ಕಿತು. ಒಂಬತ್ತು ಮಕ್ಕಳನ್ನು ಎಕ್ಮೊ ಯಂತ್ರಕ್ಕೆ ಜೋಡಿಸಿದರು. ಈ ಯಂತ್ರ ರಕ್ತವನ್ನು ದೇಹದಿಂದ ಹೊರಗೆ ತಂದು, ಆಮ್ಲಜನಕ ತುಂಬಿ, ಮತ್ತೆ ಒಳಗೆ ಕಳುಹಿಸುತ್ತದೆ. ಎಕ್ಮೊ ಗುಂಪಿನ ಒಂಬತ್ತೂ ಮಕ್ಕಳು ಬದುಕಿದವು. ಇನ್ನೊಂದು ಗುಂಪಿನಲ್ಲಿ ಆರು ಬದುಕಿದವು, ನಾಲ್ಕು ತೀರಿಕೊಂಡವು. ಫಲಿತಾಂಶ 1989ರಲ್ಲಿ ಪ್ರಕಟವಾಯಿತು.

ಈ ನಾಲ್ಕು ಸಂಖ್ಯೆಗಳನ್ನು ಸಾಮಾನ್ಯ ಕೈ-ಸ್ಕ್ವೇರ್ ಪರೀಕ್ಷೆಗೆ ಹಾಕಿದರೆ ಪಿ-ಮೌಲ್ಯ 0.033 ಬರುತ್ತದೆ. ಯೇಟ್ಸ್ ತಿದ್ದುಪಡಿ ಸೇರಿಸಿದರೆ ಅದೇ ಪರೀಕ್ಷೆ 0.116 ಎನ್ನುತ್ತದೆ. ಫಿಶರ್‌ನ ನಿಖರ ಪರೀಕ್ಷೆಗೆ ಹಾಕಿದರೆ 0.087. ಮೊದಲನೆಯದನ್ನು ನಂಬಿದವರು ‘ಸಾಬೀತಾಯಿತು’ ಎಂದು ಬರೆಯುತ್ತಾರೆ, ಉಳಿದವರು ಬರೆಯುವುದಿಲ್ಲ. ಮಕ್ಕಳು ಅವೇ, ಸಾವುಗಳೂ ಅವೇ. ಹತ್ತಿಪ್ಪತ್ತು ರೋಗಿಗಳ ಮಾಹಿತಿ ಹಿಡಿದು ಪ್ರಬಂಧ ಬರೆಯಲು ಕೂತ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ನಿಲ್ಲಬೇಕಾದ ಜಾಗ ಇದು. ಅಲ್ಲಿಂದ ಸರಿಯಾಗಿ ಹೊರಬರುವ ದಾರಿಯನ್ನು ಇದೇ ಕೋಷ್ಟಕ ಹಿಡಿದು ನೋಡೋಣ.

1. ಶೇಕಡಾ ಬಿಡಿ, ತಲೆ ಎಣಿಸಿ

‘ಎಕ್ಮೊದಲ್ಲಿ ಶೇ. 100, ರೂಢಿಯಲ್ಲಿ ಶೇ. 60’ ಎಂದು ಬರೆದರೆ ಓದುಗನಿಗೆ ಏನೂ ಗೊತ್ತಾಗುವುದಿಲ್ಲ. ಒಂಬತ್ತರಲ್ಲಿ ಒಂಬತ್ತೂ ಶೇ. 100, ಒಂಬೈನೂರರಲ್ಲಿ ಒಂಬೈನೂರೂ ಶೇ. 100. ಪರೀಕ್ಷೆಗೆ ಬೇಕಾದದ್ದು ಎಣಿಕೆ. ಜೊತೆಗೆ ಅಂಚಿನ ಮೊತ್ತಗಳನ್ನೂ ಬರೆಯಿರಿ, ಮುಂದಿನ ಲೆಕ್ಕವೆಲ್ಲ ನಿಂತಿರುವುದು ಅವುಗಳ ಮೇಲೆ.

| | ಬದುಕಿದವು | ತೀರಿಕೊಂಡವು | ಒಟ್ಟು |
|---|---|---|---|
| ಎಕ್ಮೊ | 9 | 0 | 9 |
| ರೂಢಿಯ ಚಿಕಿತ್ಸೆ | 6 | 4 | 10 |
| ಒಟ್ಟು | 15 | 4 | 19 |

2. ಕಂಡ ಸಂಖ್ಯೆಗಿಂತ ನಿರೀಕ್ಷಿತ ಸಂಖ್ಯೆ ನೋಡಿ

‘ಯಾವುದಾದರೂ ಮನೆಯಲ್ಲಿ ಐದಕ್ಕಿಂತ ಕಡಿಮೆ ಇದ್ದರೆ ಕೈ-ಸ್ಕ್ವೇರ್ ಬೇಡ’ ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಹಲವರು ಕೋಷ್ಟಕದಲ್ಲಿ ಕಾಣುವ ಸಂಖ್ಯೆಯನ್ನೇ ಐದರ ಜೊತೆ ಹೋಲಿಸಿ ಬಿಡುತ್ತಾರೆ. ನಿಯಮ ಹೇಳುವುದು ನಿರೀಕ್ಷಿತ ಸಂಖ್ಯೆಯ ವಿಷಯ. ಚಿಕಿತ್ಸೆಗೂ ಸಾವಿಗೂ ಸಂಬಂಧವೇ ಇಲ್ಲದಿದ್ದರೆ ಆ ಮನೆಯಲ್ಲಿ ಸರಾಸರಿ ಎಷ್ಟು ಇರಬೇಕಿತ್ತೋ ಅಷ್ಟು. ಅದನ್ನು ಪಡೆಯಲು ಅಡ್ಡಸಾಲಿನ ಮೊತ್ತವನ್ನು ಕಂಬಸಾಲಿನ ಮೊತ್ತದಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಬೇಕು.

ಎಕ್ಮೊ ಗುಂಪಿನ ಸಾವಿಗೆ 9 × 4 ÷ 19, ಅಂದರೆ 1.89. ರೂಢಿಯ ಗುಂಪಿನ ಸಾವಿಗೆ 10 × 4 ÷ 19, ಅಂದರೆ 2.11. ಎರಡೂ ಐದಕ್ಕಿಂತ ಬಹಳ ಕೆಳಗಿವೆ. ನಮ್ಮನ್ನು ಎಚ್ಚರಿಸಬೇಕಾದದ್ದು ಇವು, ಕೋಷ್ಟಕದಲ್ಲಿ ಕಣ್ಣಿಗೆ ರಾಚುವ ಸೊನ್ನೆಯಲ್ಲ. ದೊಡ್ಡ ಅಧ್ಯಯನದಲ್ಲಿ ಒಂದು ಮನೆಯಲ್ಲಿ ಮೂರೇ ಇದ್ದರೂ ಅಲ್ಲಿ ಹದಿನೈದು ಇರಬೇಕಿತ್ತು ಎಂದಾದರೆ ಕೈ-ಸ್ಕ್ವೇರ್‌ಗೆ ತೊಂದರೆಯಿಲ್ಲ.

ವಿಲಿಯಂ ಕಾಕ್ರನ್ 1954ರಲ್ಲಿ ಕೊಟ್ಟ ಸಲಹೆ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. ಒಟ್ಟು ಸಂಖ್ಯೆ 20ಕ್ಕಿಂತ ಕಡಿಮೆಯಿದ್ದರೆ ನೇರವಾಗಿ ನಿಖರ ಪರೀಕ್ಷೆ. 20ರಿಂದ 40ರ ನಡುವೆ ಇದ್ದು, ಯಾವುದಾದರೂ ನಿರೀಕ್ಷಿತ ಸಂಖ್ಯೆ ಐದಕ್ಕಿಂತ ಕಡಿಮೆಯಾದರೆ ಆಗಲೂ ನಿಖರ ಪರೀಕ್ಷೆಯೇ. ಐದು ಎಂಬುದು ಅನುಭವದಿಂದ ಬಂದ ಗೆರೆ, ಗಣಿತ ಹಾಕಿದ್ದಲ್ಲ. 4.8 ಬಂದಾಗ ಕೈ-ಸ್ಕ್ವೇರ್ ಕುಸಿದುಬೀಳುವುದಿಲ್ಲ. 1.89 ಬಂದಾಗ ಮಾತ್ರ ಅದನ್ನು ನಂಬಲು ಕಾರಣವೇ ಇಲ್ಲ.

3. ಕೈ-ಸ್ಕ್ವೇರ್ ಎಲ್ಲಿ ಜಾರುತ್ತದೆ ಎಂಬುದನ್ನು ಒಮ್ಮೆ ಕಣ್ಣಾರೆ ನೋಡಿ

ನಿಯಮವನ್ನು ಬಾಯಿಪಾಠ ಮಾಡಿದವರು ಒತ್ತಡ ಬಂದಾಗ ಅದನ್ನು ಮುರಿಯುತ್ತಾರೆ. ಕಾರಣ ಕಂಡವರು ಮುರಿಯುವುದಿಲ್ಲ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಒಂಬತ್ತು ಮತ್ತು ಹತ್ತು ಮಕ್ಕಳ ಎರಡು ಗುಂಪು, ಒಟ್ಟು ನಾಲ್ಕು ಸಾವು. ಈ ಅಂಚಿನ ಮೊತ್ತಗಳನ್ನು ಹಾಗೇ ಇಟ್ಟುಕೊಂಡರೆ ಸಾಧ್ಯವಿರುವ ಕೋಷ್ಟಕಗಳು ಐದೇ ಐದು: ರೂಢಿಯ ಗುಂಪಿನಲ್ಲಿ ಸೊನ್ನೆ, ಒಂದು, ಎರಡು, ಮೂರು ಅಥವಾ ನಾಲ್ಕು ಸಾವು. ಒಂದು ಮನೆ ತುಂಬಿದರೆ ಉಳಿದ ಮೂರು ತಾವಾಗಿ ತುಂಬಿಕೊಳ್ಳುತ್ತವೆ. ಹಾಗಾಗಿ ಕೈ-ಸ್ಕ್ವೇರ್ ಕೂಡ ಐದೇ ಬೆಲೆಗಳನ್ನು ಪಡೆಯಬಲ್ಲದು. ಅವು ಕ್ರಮವಾಗಿ 5.63, 1.55, 0.01, 1.02, 4.56.

ಸಂಖ್ಯಾಶಾಸ್ತ್ರದ ಪುಸ್ತಕಗಳ ಹಿಂದಿನ ಪುಟದಲ್ಲಿರುವ ಪಟ್ಟಿಯಾದರೋ ಈ ಬೆಲೆ ಒಂದು ನಯವಾದ ರೇಖೆಯ ಮೇಲೆ ಎಲ್ಲಿ ಬೇಕಾದರೂ ನಿಲ್ಲಬಹುದು ಎಂದು ಭಾವಿಸಿಕೊಂಡು ತಯಾರಾದದ್ದು. ಆ ರೇಖೆಯ ಪ್ರಕಾರ 3.84 ದಾಟುವ ಸಂಭವ ಶೇ. 5. ನಮ್ಮ ಕೋಷ್ಟಕದಲ್ಲಿ 1.55ಕ್ಕೂ 4.56ಕ್ಕೂ ನಡುವೆ ಏನೂ ಇಲ್ಲ, ಬರೀ ಖಾಲಿ. 3.84 ಬಿದ್ದಿರುವುದು ಆ ಖಾಲಿಯ ಮಧ್ಯದಲ್ಲೇ. ಅದನ್ನು ದಾಟುವ ಕೋಷ್ಟಕಗಳು ಎರಡು, ಬೆಲೆ 4.56 ಮತ್ತು 5.63 ಇರುವಂಥವು. ಚಿಕಿತ್ಸೆಯಲ್ಲಿ ಯಾವ ವ್ಯತ್ಯಾಸವೂ ಇಲ್ಲದಿದ್ದಾಗ ಇವೆರಡರಲ್ಲಿ ಒಂದು ಬರುವ ನಿಜವಾದ ಸಂಭವ ಶೇ. 8.7 (ಲೆಕ್ಕ ಮುಂದಿನ ಸೂತ್ರದಲ್ಲಿದೆ). ಅಂದರೆ ಶೇ. 5 ತಪ್ಪಿಗೆ ಒಪ್ಪಿಕೊಂಡಿದ್ದೇನೆ ಎಂದುಕೊಂಡ ಸಂಶೋಧಕ ಗೊತ್ತಿಲ್ಲದೆಯೇ ಶೇ. 8.7 ತಪ್ಪಿಗೆ ಬಾಗಿಲು ತೆರೆದಿದ್ದಾನೆ. 0.033 ಎಂಬ ಅಂಕಿ ಬಂದದ್ದು ಮಕ್ಕಳಿಂದಲ್ಲ, ಇಲ್ಲದ ರೇಖೆಯೊಂದರಿಂದ.

ಫ್ರಾಂಕ್ ಯೇಟ್ಸ್ 1934ರಲ್ಲಿ ತಮ್ಮ ತಿದ್ದುಪಡಿ ಸೂಚಿಸಿದ್ದು ಈ ಖಾಲಿಯನ್ನು ತುಂಬುವುದಕ್ಕೇ. ವ್ಯತ್ಯಾಸದಿಂದ ಅರ್ಧ ಕಳೆದು, ಮೆಟ್ಟಿಲುಗಳನ್ನು ರೇಖೆಗೆ ಹೊಂದಿಸುವ ಯತ್ನ ಅದು. ನಮ್ಮ ಕೋಷ್ಟಕದಲ್ಲಿ ಅದು ಇನ್ನೊಂದು ಕಡೆಗೆ ವಾಲಿ 0.116 ಕೊಟ್ಟಿದೆ. ಕೈಯಲ್ಲೇ ಲೆಕ್ಕ ಹಾಕಬೇಕಿದ್ದ ಕಾಲಕ್ಕೆ ಅದು ದೊಡ್ಡ ಉಪಕಾರ. ಈಗ ನೇರ ಲೆಕ್ಕ ಕ್ಷಣದಲ್ಲಿ ಆಗುವಾಗ ಅಂದಾಜಿಗೆ ತೇಪೆ ಹಾಕುವ ಅಗತ್ಯ ನನಗಂತೂ ಕಾಣುವುದಿಲ್ಲ.

4. ಒಮ್ಮೆಯಾದರೂ ಕೈಯಾರೆ ಲೆಕ್ಕ ಹಾಕಿ

ಇದೊಂದನ್ನು ಮಾಡಿದರೆ ಉಳಿದ ಸೂತ್ರಗಳು ತಾವಾಗಿ ಅರ್ಥವಾಗುತ್ತವೆ. ಬೇಕಾದದ್ದು ಪಿಯುಸಿಯಲ್ಲಿ ಕಲಿತ ವಿಕಲ್ಪಗಳ ಗಣಿತ ಮಾತ್ರ.

ಒಂದು ಡಬ್ಬಿಯಲ್ಲಿ ಹತ್ತೊಂಬತ್ತು ಚೀಟಿಗಳಿವೆ ಎಂದುಕೊಳ್ಳಿ, ಒಂದೊಂದು ಮಗುವಿಗೆ ಒಂದೊಂದು. ಹತ್ತು ಚೀಟಿಯ ಮೇಲೆ ‘ರೂಢಿ’, ಒಂಬತ್ತರ ಮೇಲೆ ‘ಎಕ್ಮೊ’. ಚಿಕಿತ್ಸೆಗೂ ಸಾವಿಗೂ ಸಂಬಂಧವೇ ಇಲ್ಲದಿದ್ದರೆ, ತೀರಿಕೊಂಡ ನಾಲ್ಕು ಮಕ್ಕಳು ಕಣ್ಣುಮುಚ್ಚಿ ಎತ್ತಿದ ನಾಲ್ಕು ಚೀಟಿಗಳ ಹಾಗೆ. ಆ ನಾಲ್ಕೂ ‘ರೂಢಿ’ ಆಗಿರುವ ಸಂಭವ ಎಷ್ಟು?

ಹತ್ತೊಂಬತ್ತರಲ್ಲಿ ನಾಲ್ಕನ್ನು ಎತ್ತುವ ವಿಧಗಳು: 19 × 18 × 17 × 16 ÷ 24 = 3,876. ಇವುಗಳಲ್ಲಿ ನಾಲ್ಕೂ ‘ರೂಢಿ’ ಆಗುವ ವಿಧಗಳು: 10 × 9 × 8 × 7 ÷ 24 = 210. ಭಾಗಿಸಿದರೆ 0.054. ನಾವು ಕಂಡ ಕೋಷ್ಟಕದ ಸಂಭವನೀಯತೆ ಇದು. ಉಳಿದ ನಾಲ್ಕು ಕೋಷ್ಟಕಗಳನ್ನೂ ಹೀಗೆಯೇ ಎಣಿಸಿ.

| ರೂಢಿಯ ಗುಂಪಿನಲ್ಲಿ ಸಾವು | ವಿಧಗಳು | ಸಂಭವನೀಯತೆ |
|---|---|---|
| 0 | 126 | 0.033 |
| 1 | 840 | 0.217 |
| 2 | 1,620 | 0.418 |
| 3 | 1,080 | 0.279 |
| 4 | 210 | 0.054 |

ಎರಡನೆಯ ಕಂಬಸಾಲನ್ನು ಕೂಡಿ ನೋಡಿ, 3,876 ಬರಲೇಬೇಕು. ಬಾರದಿದ್ದರೆ ಎಲ್ಲೋ ತಪ್ಪಿದ್ದೀರಿ. ಮಧ್ಯದ ಒಂದು ಸಾಲನ್ನು ಪಡೆದ ಬಗೆ ಹೀಗಿದೆ: ಮೂರು ‘ರೂಢಿ’, ಒಂದು ‘ಎಕ್ಮೊ’ ಎತ್ತಲು, ಹತ್ತರಿಂದ ಮೂರು ಎತ್ತುವ 120 ವಿಧಗಳನ್ನು ಒಂಬತ್ತರಿಂದ ಒಂದು ಎತ್ತುವ 9 ವಿಧಗಳಿಂದ ಗುಣಿಸಬೇಕು, 1,080.

ಎರಡೂ ತುದಿಗಳನ್ನು ಗಣನೆಗೆ ತೆಗೆದುಕೊಂಡಾಗ, ಕಂಡದ್ದಷ್ಟೇ ಅಥವಾ ಅದಕ್ಕಿಂತ ಅಪರೂಪದ ಕೋಷ್ಟಕಗಳನ್ನೆಲ್ಲ ಕೂಡಬೇಕು. 210ಕ್ಕಿಂತ ಹೆಚ್ಚಲ್ಲದವು ಎರಡು, 210 ಮತ್ತು 126. ಮೊತ್ತ 336. ಅದನ್ನು 3,876ರಿಂದ ಭಾಗಿಸಿದರೆ 0.087. ಫಿಶರ್‌ನ ಪಿ-ಮೌಲ್ಯ ಇಷ್ಟೇ. ಇಲ್ಲಿ ರೇಖೆಯಿಲ್ಲ, ಅಂದಾಜಿಲ್ಲ, ಎಣಿಕೆ ಮಾತ್ರ ಇದೆ. ‘ನಿಖರ’ ಎಂದು ಕರೆಯುವುದು ಆ ಕಾರಣಕ್ಕೆ.

5. ಒಂದು ತುದಿಯೋ ಎರಡು ತುದಿಯೋ, ಮೊದಲೇ ಬರೆದಿಡಿ

ಎಕ್ಮೊ ಒಳ್ಳೆಯದೇ ಎಂಬ ಒಂದೇ ದಿಕ್ಕನ್ನು ನೋಡಿದರೆ ಉತ್ತರ 0.054. ಎರಡೂ ದಿಕ್ಕು ನೋಡಿದರೆ 0.087. ಫಲಿತಾಂಶ ಬಂದ ಮೇಲೆ ಚಿಕ್ಕದನ್ನು ಆರಿಸಿಕೊಳ್ಳುವುದು ಮೋಸ. ಹೊಸ ಚಿಕಿತ್ಸೆ ಹಾನಿ ಮಾಡಬಹುದಾದ ಯಾವುದೇ ಸಂದರ್ಭದಲ್ಲಿ ಎರಡು ತುದಿಯೇ ಸರಿ. ಒಂದು ಶಿಶುವಿನ ಕುತ್ತಿಗೆಯ ರಕ್ತನಾಳಕ್ಕೆ ಕೊಳವೆ ಹಾಕಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಕೊಡುವ ಚಿಕಿತ್ಸೆಯಿಂದ ಹಾನಿ ಆಗುವುದೇ ಇಲ್ಲ ಎಂದು ಮೊದಲೇ ಹೇಳುವ ಹಾಗಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ‘ಎರಡು ತುದಿ’ ಎಂಬುದನ್ನು ಎಲ್ಲರೂ ಒಂದೇ ರೀತಿ ಲೆಕ್ಕ ಹಾಕುವುದಿಲ್ಲ. ಮೇಲೆ ಮಾಡಿದ್ದು ಅಪರೂಪದ ಕೋಷ್ಟಕಗಳನ್ನು ಕೂಡುವ ಪದ್ಧತಿ, ಆರ್ ತಂತ್ರಾಂಶ ಅನುಸರಿಸುವುದೂ ಇದನ್ನೇ. ಕೆಲವರು ಒಂದು ತುದಿಯ ಬೆಲೆಯನ್ನು ಸುಮ್ಮನೆ ಇಮ್ಮಡಿ ಮಾಡುತ್ತಾರೆ, ಆಗ 0.108. ಗುಂಪುಗಳ ಗಾತ್ರ ಸಮವಾಗಿದ್ದರೆ ಎರಡೂ ಒಂದೇ ಆಗುತ್ತವೆ, ಇಲ್ಲದಿದ್ದರೆ ಬೇರೆಯಾಗುತ್ತವೆ. ಮಾರ್ಗದರ್ಶಕರ ಲೆಕ್ಕಕ್ಕೂ ನಿಮ್ಮದಕ್ಕೂ ತಾಳೆಯಾಗದಿದ್ದರೆ ಮೊದಲು ನೋಡಬೇಕಾದ ಜಾಗ ಇದು.

6. ಆರಂಭಿಸುವ ಮುನ್ನವೇ ಕೇಳಿ: ಈ ಕೋಷ್ಟಕ ಹೆಚ್ಚೆಂದರೆ ಎಷ್ಟು ಹೇಳಬಲ್ಲದು?

ಹತ್ತು ಸೂತ್ರಗಳಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ.

ಬಾಸ್ಟನ್ ಕೋಷ್ಟಕವನ್ನು ಮತ್ತೆ ನೋಡಿ. ಸತ್ತ ನಾಲ್ಕೂ ಮಕ್ಕಳು ಒಂದೇ ಗುಂಪಿನವು. ಎಕ್ಮೊ ಪರವಾಗಿ ಇದಕ್ಕಿಂತ ಸ್ಪಷ್ಟವಾದ ಕೋಷ್ಟಕ ಈ ಅಂಚಿನ ಮೊತ್ತಗಳೊಳಗೆ ಇರಲು ಸಾಧ್ಯವೇ ಇಲ್ಲ. ಆದರೂ ಎರಡು ತುದಿಯ ಪಿ-ಮೌಲ್ಯ 0.087. ಅಂದರೆ ಒಟ್ಟು ನಾಲ್ಕೇ ಸಾವುಗಳಾದಾಗ ಎಕ್ಮೊ ಎಷ್ಟೇ ಒಳ್ಳೆಯದಾಗಿದ್ದರೂ ಈ ಪರೀಕ್ಷೆ 0.05ರ ಕೆಳಗೆ ಇಳಿಯಲಾರದು. ಅದಕ್ಕೆ ಪರೀಕ್ಷೆಯನ್ನು ದೂರಿ ಪ್ರಯೋಜನವಿಲ್ಲ, ಮಾಹಿತಿಯೇ ಅಷ್ಟಿದೆ.

ಇನ್ನೂ ಚಿಕ್ಕ ಪ್ರಯೋಗ ನೋಡಿ. ಮೂರು ಇಲಿಗೆ ಔಷಧ, ಮೂರಕ್ಕೆ ಬರೀ ನೀರು. ಔಷಧ ಪಡೆದ ಮೂರೂ ಬದುಕಿ, ಉಳಿದ ಮೂರೂ ಸತ್ತರೆ ಅದಕ್ಕಿಂತ ಅಚ್ಚುಕಟ್ಟಾದ ಫಲಿತಾಂಶ ಬೇರೆಯಿಲ್ಲ. ಆರರಿಂದ ಮೂರನ್ನು ಆರಿಸುವ ವಿಧಗಳು 20. ಒಂದು ತುದಿಯ ಬೆಲೆ 1/20, ಎರಡು ತುದಿಯದು 2/20, ಅಂದರೆ 0.1. ಮೂರು ಇಲಿಗಳ ಜೀವ ಹೋದರೂ ಪ್ರಶ್ನೆಗೆ ಉತ್ತರ ಸಿಗುವ ದಾರಿ ಮೊದಲಿನಿಂದಲೇ ಮುಚ್ಚಿತ್ತು. ಒಂದೊಂದು ಗುಂಪಿಗೆ ನಾಲ್ಕು ಇಲಿ ಇದ್ದಿದ್ದರೆ 2/70, ಸುಮಾರು 0.029. ಬಾಗಿಲು ತೆರೆಯುತ್ತದೆ, ಆದರೆ ಒಂದು ಇಲಿಯೂ ಆಚೀಚೆ ಆಗದಿದ್ದರೆ ಮಾತ್ರ.

ಹತ್ತು ಹತ್ತು ರೋಗಿಗಳ ಎರಡು ಗುಂಪು ಮಾಡುವವರಿಗೆ ಒಂದು ಸಿದ್ಧ ಲೆಕ್ಕ. ನೀವು ಎಣಿಸುವ ಘಟನೆ (ಸಾವು, ಸೋಂಕು, ಮರುಕಳಿಕೆ ಯಾವುದೇ ಇರಲಿ) ಒಟ್ಟು ನಾಲ್ಕು ಆಗಿ, ನಾಲ್ಕೂ ಒಂದೇ ಕಡೆ ಬಿದ್ದರೆ 0.087. ಐದು ಆಗಿ ಐದೂ ಒಂದೇ ಕಡೆ ಬಿದ್ದರೆ 0.033. ಹಾಗಾಗಿ ಐದಕ್ಕಿಂತ ಕಡಿಮೆ ಘಟನೆಗಳಾದರೆ ಪರೀಕ್ಷೆ 0.05 ಮುಟ್ಟುವುದಿಲ್ಲ. ಒಂದು ಚಿಕಿತ್ಸೆಯಲ್ಲಿ ನಿಜಕ್ಕೂ ನೂರಕ್ಕೆ ನಲವತ್ತು ಸಾವು, ಇನ್ನೊಂದರಲ್ಲಿ ಒಂದೂ ಇಲ್ಲ ಎಂಬಂಥ ಭಾರೀ ವ್ಯತ್ಯಾಸ ಇದ್ದರೂ, ಹತ್ತು ಜನರ ಗುಂಪಿನಲ್ಲಿ ಐದು ಅಥವಾ ಹೆಚ್ಚು ಸಾವು ಆಗುವ ಸಂಭವ ಶೇ. 37 ಮಾತ್ರ. ಮೂರರಲ್ಲಿ ಎರಡು ಬಾರಿಗೆ ಹತ್ತಿರಹತ್ತಿರ, ನಿಜವಾದ ವ್ಯತ್ಯಾಸ ಕೈತಪ್ಪಿ ಹೋಗುತ್ತದೆ. ಈ ಲೆಕ್ಕವನ್ನು ನೈತಿಕ ಸಮಿತಿಗೆ ಅರ್ಜಿ ಬರೆಯುವ ದಿನವೇ ಮಾಡಿ.

7. ಅಂಚಿನ ಮೊತ್ತಗಳು ನಿಮ್ಮ ಪ್ರಯೋಗದಲ್ಲಿ ಹೇಗೆ ಬಂದವು ಎಂದು ತಿಳಿದಿರಿ

ಈ ಪರೀಕ್ಷೆಯ ಹಿಂದಿನ ಪ್ರಸಿದ್ಧ ಪ್ರಸಂಗ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ್ದು. ಅಲ್ಲಿ ಪಾಚಿಗಳನ್ನು ಅಧ್ಯಯನ ಮಾಡುತ್ತಿದ್ದ ಮ್ಯೂರಿಯಲ್ ಬ್ರಿಸ್ಟಲ್, ಲೋಟಕ್ಕೆ ಮೊದಲು ಹಾಲು ಬಿತ್ತೋ ಚಹಾ ಬಿತ್ತೋ ಎಂಬುದನ್ನು ರುಚಿಯಿಂದಲೇ ಹೇಳಬಲ್ಲೆ ಎಂದರಂತೆ. ರೊನಾಲ್ಡ್ ಫಿಶರ್ 1935ರ ತಮ್ಮ ‘ದಿ ಡಿಸೈನ್ ಆಫ್ ಎಕ್ಸ್‌ಪೆರಿಮೆಂಟ್ಸ್’ ಪುಸ್ತಕದಲ್ಲಿ ಆ ಮಹಿಳೆಯ ಹೆಸರು ಹೇಳದೆ ಇದನ್ನು ವಿವರಿಸಿದರು. ಎಂಟು ಕಪ್ಪು, ನಾಲ್ಕರಲ್ಲಿ ಮೊದಲು ಹಾಲು, ನಾಲ್ಕರಲ್ಲಿ ಮೊದಲು ಚಹಾ. ನಾಲ್ಕು ನಾಲ್ಕು ಎಂಬುದು ಆಕೆಗೆ ಗೊತ್ತು, ಹಾಗಾಗಿ ಆಕೆ ಆರಿಸುವುದೂ ನಾಲ್ಕನ್ನೇ. ಎರಡೂ ಕಡೆಯ ಅಂಚಿನ ಮೊತ್ತಗಳು ಪ್ರಯೋಗಕ್ಕೆ ಮೊದಲೇ ನಿಗದಿಯಾಗಿವೆ. ಎಲ್ಲವನ್ನೂ ಕುರುಡಾಗಿ ಸರಿ ಹೇಳುವ ಸಂಭವ 70ರಲ್ಲಿ 1. ಪರೀಕ್ಷೆ ಇಲ್ಲಿ ಬೀಗಕ್ಕೆ ಕೀಲಿಯಂತೆ ಹೊಂದುತ್ತದೆ.

ಆಸ್ಪತ್ರೆಯಲ್ಲಿ ಹಾಗಿರುವುದಿಲ್ಲ. ಗುಂಪಿಗೆ ಎಷ್ಟು ಜನ ಎಂಬುದನ್ನು ನಾವು ನಿರ್ಧರಿಸಬಹುದು, ಎಷ್ಟು ಜನ ಸಾಯುತ್ತಾರೆ ಎಂಬುದನ್ನಲ್ಲ. ಈ ಎಳೆ ಹಿಡಿದು ಜಾರ್ಜ್ ಬರ್ನಾರ್ಡ್ 1945ರಲ್ಲಿ, ಸಾವಿನ ಮೊತ್ತವನ್ನು ಕಟ್ಟಿಹಾಕದ ಬೇರೊಂದು ಪರೀಕ್ಷೆ ಮುಂದಿಟ್ಟರು. ಫಿಶರ್ ಅದನ್ನು ಒಪ್ಪಲಿಲ್ಲ. ಮುಂದೆ ಬರ್ನಾರ್ಡ್ ಅವರೇ ಅದರಿಂದ ಹಿಂದೆ ಸರಿದರು. ಆದರೆ ಅವರ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ, ವಾದವೂ ಮುಗಿದಿಲ್ಲ.

ಬರ್ನಾರ್ಡ್ ಎತ್ತಿದ ಆಕ್ಷೇಪದಲ್ಲಿ ಹುರುಳಿದೆ. ನಮ್ಮ ಐದು ಕೋಷ್ಟಕಗಳಲ್ಲಿ 0.05ರ ಕೆಳಗೆ ಇಳಿಯಬಲ್ಲದ್ದು ಒಂದೇ, ನಾಲ್ಕೂ ಸಾವು ಎಕ್ಮೊ ಗುಂಪಿನಲ್ಲಿ ಆಗುವ ಕೋಷ್ಟಕ. ಅದರ ಸಂಭವ ಶೇ. 3.3. ಶೇ. 5ರ ತಪ್ಪಿಗೆ ಅನುಮತಿ ಇದ್ದರೂ ಫಿಶರ್ ಪರೀಕ್ಷೆ ಬಳಸಿಕೊಂಡಿದ್ದು ಶೇ. 3.3 ಮಾತ್ರ. ಕೈ-ಸ್ಕ್ವೇರ್ ಶೇ. 8.7ಕ್ಕೆ ಹೋಯಿತು, ಇದು ಶೇ. 3.3ಕ್ಕೆ ಬಂದು ನಿಂತಿತು. ಸಂಖ್ಯೆಗಳು ಪುಟ್ಟದಾದಷ್ಟೂ ಫಿಶರ್ ಪರೀಕ್ಷೆಯ ಬಿಗಿ ಹೆಚ್ಚು.

ಈ ಬಿಗಿ ಸಡಿಲಿಸಲು ಒಂದು ಸರಳ ಉಪಾಯವಿದೆ, ಮಿಡ್-ಪಿ. ಕಂಡ ಕೋಷ್ಟಕದ ಸಂಭವನೀಯತೆಯಲ್ಲಿ ಅರ್ಧವನ್ನಷ್ಟೇ ಸೇರಿಸುವುದು. 210ರ ಬದಲು 105, ಅದಕ್ಕೆ 126 ಸೇರಿಸಿದರೆ 231. ಭಾಗಿಸಿದರೆ 0.060. ನನ್ನ ಅಭಿಪ್ರಾಯ ಇಷ್ಟು: ಮಿಡ್-ಪಿ ಬಳಸುವುದು ತಪ್ಪಲ್ಲ, ಬರ್ನಾರ್ಡ್ ಪರೀಕ್ಷೆಯೂ ತಪ್ಪಲ್ಲ, ಆದರೆ ಯೋಜನಾ ಪತ್ರದಲ್ಲಿ ಮೊದಲೇ ಹೆಸರಿಸಿರಬೇಕು. ಫಿಶರ್ 0.087 ಕೊಟ್ಟ ಮೇಲೆ ಮಿಡ್-ಪಿ ನೆನಪಾದರೆ ಆ ನೆನಪಿಗೆ ಬೆಲೆ ಇಲ್ಲ.

ಬಾಸ್ಟನ್ ಪ್ರಯೋಗದಲ್ಲಂತೂ ಇನ್ನೊಂದು ಗಂಟು ಇತ್ತು. ಯಾವುದಾದರೂ ಒಂದು ಗುಂಪಿನಲ್ಲಿ ನಾಲ್ಕನೆಯ ಸಾವು ಆದ ಕೂಡಲೇ ಚೀಟಿ ಎತ್ತುವುದನ್ನು ನಿಲ್ಲಿಸಿ, ಮುಂದಿನ ಮಕ್ಕಳಿಗೆಲ್ಲ ಇನ್ನೊಂದು ಚಿಕಿತ್ಸೆ ಕೊಡಬೇಕೆಂದು ವೈದ್ಯರು ಮೊದಲೇ ನಿಶ್ಚಯಿಸಿದ್ದರು. ಸೋಲುತ್ತಿರುವ ಚಿಕಿತ್ಸೆಗೆ ಇನ್ನಷ್ಟು ಮಕ್ಕಳನ್ನು ಒಡ್ಡಬಾರದು ಎಂಬ ಕಾಳಜಿ ಅದು. ಆದರೆ ಇದರಿಂದ ನಿಂತ ಗುಂಪಿನ ಸಾವು ಗುರಿಯಾಗಿ ಬಂದ ಸಂಖ್ಯೆ, ಒಟ್ಟು ಮಕ್ಕಳ ಸಂಖ್ಯೆ ತಾನಾಗಿ ಬಂದದ್ದು. ಚೀಟಿ ಡಬ್ಬಿಯ ಲೆಕ್ಕ ಈ ವಿನ್ಯಾಸಕ್ಕೆ ಪೂರ್ತಿ ಹೊಂದುವುದಿಲ್ಲ, ಅದೊಂದು ಹತ್ತಿರದ ಓದು. ನಿಮ್ಮ ಪ್ರಯೋಗಕ್ಕೂ ‘ಯಾವಾಗ ನಿಲ್ಲಿಸಿದೆವು, ಏಕೆ ನಿಲ್ಲಿಸಿದೆವು’ ಎಂಬ ಒಂದು ವಾಕ್ಯ ಬೇಕೇ ಬೇಕು.

8. ಪರೀಕ್ಷೆ ಸರಿಪಡಿಸಲಾಗದ ತಪ್ಪುಗಳನ್ನು ಅದರ ತಲೆಗೆ ಕಟ್ಟಬೇಡಿ

ಪ್ರಯೋಗದ ಎರಡನೆಯ ಹಂತದಲ್ಲಿ ಇನ್ನೂ ಇಪ್ಪತ್ತು ಮಕ್ಕಳಿಗೆ ಎಕ್ಮೊ ಕೊಟ್ಟರು, ಹತ್ತೊಂಬತ್ತು ಬದುಕಿದವು. ಎರಡೂ ಹಂತ ಸೇರಿಸಿದರೆ ಎಕ್ಮೊದಲ್ಲಿ 29ರಲ್ಲಿ 28, ರೂಢಿಯಲ್ಲಿ 10ರಲ್ಲಿ 6. ಇದನ್ನು ಫಿಶರ್‌ಗೆ ಹಾಕಿದರೆ 0.011. ಆಸೆ ಹುಟ್ಟಿಸುವ ಅಂಕಿ! ಆದರೆ ಎರಡನೆಯ ಹಂತದ ಮಕ್ಕಳನ್ನು ಚೀಟಿ ಎತ್ತಿ ಹಂಚಿರಲಿಲ್ಲ, ಅವರ ಜೊತೆಗೆ ಅದೇ ಸಮಯದಲ್ಲಿ ರೂಢಿಯ ಗುಂಪು ಇರಲಿಲ್ಲ. ಎಣಿಕೆ ನಿಖರವಾದರೂ ಹೋಲಿಕೆ ನ್ಯಾಯವಾಗುವುದಿಲ್ಲ.

ಒಬ್ಬ ರೋಗಿಯ ಎರಡು ಕಣ್ಣುಗಳನ್ನು ಇಬ್ಬರು ರೋಗಿಗಳೆಂದು ಎಣಿಸುವುದೂ ಇಂಥದ್ದೇ ತಪ್ಪು. ಚೀಟಿಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ವಿಧಗಳ ಎಣಿಕೆಯೇ ಸುಳ್ಳಾಗುತ್ತದೆ. ಒಂದೇ ಜನರನ್ನು ಚಿಕಿತ್ಸೆಗೆ ಮುಂಚೆ ಮತ್ತು ನಂತರ ನೋಡಿದ್ದರೆ ಬೇಕಾದದ್ದು ಮ್ಯಾಕ್‌ನೆಮರ್ ಪರೀಕ್ಷೆ, ಫಿಶರ್ ಅಲ್ಲ.

9. ತಂತ್ರಾಂಶಕ್ಕೆ ಕೊಡುವಾಗ ಏನು ಬರಬೇಕೆಂದು ಮೊದಲೇ ತಿಳಿದಿರಿ

ಆರ್‌ನಲ್ಲಿ ಎರಡೇ ಸಾಲು ಸಾಕು.

```
tab <- matrix(c(9, 0, 6, 4), nrow = 2, byrow = TRUE)
fisher.test(tab)
```

0.08669 ಬಂದರೆ ಕೋಷ್ಟಕ ಸರಿಯಾಗಿ ಹೋಗಿದೆ. `chisq.test(tab)` ಎಂದು ಕೊಟ್ಟರೆ ಅದು ಯೇಟ್ಸ್ ತಿದ್ದುಪಡಿಯನ್ನು ನಿಮ್ಮನ್ನು ಕೇಳದೆಯೇ ಸೇರಿಸಿ 0.116 ಕೊಡುತ್ತದೆ, ಜೊತೆಗೆ ಅಂದಾಜು ತಪ್ಪಿರಬಹುದು ಎಂಬ ಎಚ್ಚರಿಕೆಯನ್ನೂ ಮುದ್ರಿಸುತ್ತದೆ. ಆ ಎಚ್ಚರಿಕೆಯ ಸಾಲನ್ನು ಅಳಿಸಿ ಅಂಕಿಯನ್ನು ಮಾತ್ರ ನಕಲು ಮಾಡಬೇಡಿ. ಎಕ್ಸೆಲ್ ಮಾತ್ರ ಇರುವವರು `=HYPGEOM.DIST(4,10,4,19,FALSE)` ಎಂದು ಬರೆದರೆ ಒಂದು ಕೋಷ್ಟಕದ 0.054 ಸಿಗುತ್ತದೆ. ಮೊದಲ 4ರ ಜಾಗದಲ್ಲಿ ಸೊನ್ನೆಯಿಂದ ಮೂರರವರೆಗೆ ಹಾಕುತ್ತ ಹೋದರೆ ಇಡೀ ಪಟ್ಟಿ ಬರುತ್ತದೆ.

`fisher.test` ಪಿ-ಮೌಲ್ಯದ ಜೊತೆ ಆಡ್ಸ್ ರೇಶಿಯೊವನ್ನೂ ಕೊಡುತ್ತದೆ. ಒಂದು ಮನೆಯಲ್ಲಿ ಸೊನ್ನೆ ಇರುವುದರಿಂದ ಇಲ್ಲಿ ಅದು `Inf`, ಅಂದರೆ ಅನಂತ. ಗಾಬರಿ ಬೇಡ, ಎಲ್ಲ ಮನೆಗೂ ಅರ್ಧ ಸೇರಿಸಿ ಅದನ್ನು ಚಂದಗೊಳಿಸುವುದೂ ಬೇಡ. ಪಕ್ಕದಲ್ಲಿರುವ ಶೇ. 95 ವಿಶ್ವಾಸ ವ್ಯಾಪ್ತಿ ನೋಡಿ: ಕೆಳತುದಿ ಸುಮಾರು 0.69, ಮೇಲ್ತುದಿ ಅನಂತ. ಎಕ್ಮೊ ಸ್ವಲ್ಪ ಹಾನಿ ಮಾಡುತ್ತದೆ ಎಂಬುದರಿಂದ ಹಿಡಿದು ಅಪಾರ ಉಪಕಾರ ಮಾಡುತ್ತದೆ ಎಂಬುದರವರೆಗೆ ಎಲ್ಲವೂ ಈ ಹತ್ತೊಂಬತ್ತು ಮಕ್ಕಳ ಮಾಹಿತಿಗೆ ಹೊಂದುತ್ತದೆ. ಪಿ-ಮೌಲ್ಯಕ್ಕಿಂತ ಈ ವ್ಯಾಪ್ತಿ ಹೆಚ್ಚು ಪ್ರಾಮಾಣಿಕ.

ವರದಿಯಲ್ಲಿ ಹೀಗೆ ಬರೆಯಬಹುದು: ‘ಎಕ್ಮೊ ಪಡೆದ 9 ಶಿಶುಗಳಲ್ಲಿ 9, ರೂಢಿಯ ಚಿಕಿತ್ಸೆ ಪಡೆದ 10 ಶಿಶುಗಳಲ್ಲಿ 6 ಬದುಕಿದವು (ಫಿಶರ್ ನಿಖರ ಪರೀಕ್ಷೆ, ಎರಡು ತುದಿ, ಪಿ = 0.087, ಬದುಕುಳಿಯುವಿಕೆಯ ಆಡ್ಸ್ ರೇಶಿಯೊದ ಶೇ. 95 ವಿಶ್ವಾಸ ವ್ಯಾಪ್ತಿ 0.69ರಿಂದ ಅನಂತ).’ ‘ವ್ಯತ್ಯಾಸ ಕಂಡುಬರಲಿಲ್ಲ’ ಎಂದು ಮಾತ್ರ ಬರೆಯಬೇಡಿ. ವ್ಯತ್ಯಾಸ ಕಂಡಿದೆ, ಹತ್ತರಲ್ಲಿ ನಾಲ್ಕು ಸಾವಿನ ಎದುರು ಒಂದೂ ಇಲ್ಲ. ಅದು ಆಕಸ್ಮಿಕವಲ್ಲ ಎಂದು ಹೇಳಲು ಮಕ್ಕಳ ಸಂಖ್ಯೆ ಸಾಲಲಿಲ್ಲ.

10. ಸಂಖ್ಯೆ ದೊಡ್ಡದಾದಾಗ ಬಿಟ್ಟುಕೊಡಿ

ಎಕ್ಮೊ ಪ್ರಶ್ನೆ ಬಾಸ್ಟನ್‌ನಲ್ಲಿ ತೀರಲಿಲ್ಲ. ಅದಕ್ಕೂ ಮೊದಲು 1985ರಲ್ಲಿ ಮಿಷಿಗನ್‌ನ ತಂಡವೊಂದು, ಗೆಲ್ಲುತ್ತಿರುವ ಚಿಕಿತ್ಸೆಗೆ ಮುಂದಿನ ಮಗು ಹೋಗುವ ಸಂಭವ ಹೆಚ್ಚುವಂಥ ವಿನ್ಯಾಸದಲ್ಲಿ, ಹನ್ನೊಂದು ಮಕ್ಕಳಿಗೆ ಎಕ್ಮೊ, ಒಂದೇ ಒಂದು ಮಗುವಿಗೆ ರೂಢಿಯ ಚಿಕಿತ್ಸೆ ಕೊಟ್ಟಿತ್ತು. ಹನ್ನೊಂದೂ ಬದುಕಿದವು, ಆ ಒಂದು ಮಗು ಉಳಿಯಲಿಲ್ಲ. ಚೀಟಿ ಡಬ್ಬಿಯ ಲೆಕ್ಕಕ್ಕೆ ಅದು 12ರಲ್ಲಿ 1, ಅಂದರೆ 0.083.

ಕೊನೆಗೆ ಬ್ರಿಟನ್ನಿನಲ್ಲಿ 185 ಶಿಶುಗಳ ದೊಡ್ಡ ಪ್ರಯೋಗ ನಡೆದು, 1996ರಲ್ಲಿ ವರದಿ ಬಂತು. ಎಕ್ಮೊಗೆ ಹಂಚಿದ 93 ಮಕ್ಕಳಲ್ಲಿ 30, ರೂಢಿಯ ಚಿಕಿತ್ಸೆಗೆ ಹಂಚಿದ 92 ಮಕ್ಕಳಲ್ಲಿ 54 ತೀರಿಕೊಂಡವು. ಬಾಸ್ಟನ್‌ನ ಒಂಬತ್ತಕ್ಕೆ ಒಂಬತ್ತು ಎಂಬ ಚಿತ್ರಕ್ಕಿಂತ ಇದು ಎಷ್ಟು ಬೇರೆ ನೋಡಿ: ಎಕ್ಮೊದಲ್ಲೂ ಮೂರರಲ್ಲಿ ಒಂದು ಮಗು ಉಳಿಯಲಿಲ್ಲ, ಆದರೂ ಉಪಕಾರ ಅನುಮಾನಕ್ಕೆ ಎಡೆಯಿಲ್ಲದಷ್ಟು ಸ್ಪಷ್ಟ. ಇಲ್ಲಿ ಪ್ರತಿ ಗುಂಪಿನ ನಿರೀಕ್ಷಿತ ಸಾವು ಸುಮಾರು 42. ಎಲ್ಲ ಮನೆಗಳೂ ತುಂಬಿವೆ, ಮೆಟ್ಟಿಲುಗಳು ಒತ್ತೊತ್ತಾಗಿವೆ, ಖಾಲಿ ಜಾಗವಿಲ್ಲ. ತಿದ್ದುಪಡಿಯಿಲ್ಲದ ಕೈ-ಸ್ಕ್ವೇರ್ 13.0 ಬರುತ್ತದೆ, ಪಿ-ಮೌಲ್ಯ ಸುಮಾರು 0.0003. ಇಂಥ ಕೋಷ್ಟಕಕ್ಕೆ ಕೈ-ಸ್ಕ್ವೇರ್ ಧಾರಾಳವಾಗಿ ಸಾಕು.